ಆಧಾರ್‌ನಲ್ಲಿ ವಯಸ್ಸು ಕಡಿಮೆ, ಗಂಡನ ಮರಣಪತ್ರ ಇಲ್ಲ: ಅತ್ತೆಗೆ ಯಾವ ಪಿಂಚಣಿ ಕೇಳಬೇಕು?

ಪ್ರಶ್ನೆ: ನಮ್ಮ ಸೋದರತ್ತೆ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ನಿಜವಾದ ವಯಸ್ಸು 67 ಆಗಿರಬಹುದು, ಆದರೆ ಆಧಾರ್‌ನಲ್ಲಿ 01-01-1964 ಅಂತ ಇದೆ, ಅಂದರೆ 62. ಮಾವ 11 ವರ್ಷದ ಹಿಂದೆ ಜಿಲ್ಲಾ ಆಸ್ಪತ್ರೆಯಲ್ಲಿ ತೀರಿಕೊಂಡರು, ಮರಣ ಪ್ರಮಾಣಪತ್ರ ನಮ್ಮ ಹತ್ತಿರ ಇಲ್ಲ. ಅತ್ತೆ ತಿಂಗಳಲ್ಲಿ ಏಳೆಂಟು ದಿನ ಕಳೆ ಕೀಳೋ ಕೂಲಿಗೆ ಹೋಗ್ತಾರೆ, ದಿನಕ್ಕೆ 300 ರೂಪಾಯಿ. ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಮಾಡ್ತಾನೆ, 14 ಸಾವಿರ ಸಂಬಳ, ಹೆಂಡತಿ ಮಕ್ಕಳ ಜೊತೆ ಬೇರೆ ಇದ್ದಾನೆ, ಆದರೆ ರೇಷನ್ ಕಾರ್ಡ್ ಇನ್ನೂ ಒಂದೇ. ಒಬ್ಬ ಏಜೆಂಟ್ ವಯಸ್ಸು ತಿದ್ದಿಸಿ 1200 ರೂಪಾಯಿಯ ಪಿಂಚಣಿ ಮಾಡಿಸಿಕೊಡ್ತೀನಿ, 3 ಸಾವಿರ ಕೊಡಿ ಅಂತಿದ್ದಾನೆ. ಕೊಡಬಹುದಾ? ವಿಧವಾ ವೇತನಕ್ಕೆ ಹಾಕಬೇಕಾ, ವೃದ್ಧಾಪ್ಯ ವೇತನಕ್ಕಾ?

ಉತ್ತರ: ಏಜೆಂಟ್‌ಗೆ ದುಡ್ಡು ಕೊಡಬೇಡಿ. ಈಗ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿ, ವಿಧವಾ ವೇತನಕ್ಕಲ್ಲ. ಆದರೆ ಅದಕ್ಕೂ ಮೊದಲು ರೇಷನ್ ಕಾರ್ಡ್ ಸರಿ ಮಾಡಿಸಿ. ನೀವು ವಯಸ್ಸಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ. ನಾನು ನೋಡಿದಂತೆ ನಿಮ್ಮ ಅರ್ಜಿ ಬೀಳುವುದಿದ್ದರೆ ಅದು ರೇಷನ್ ಕಾರ್ಡಿನ ಕಾರಣಕ್ಕೇ ಬೀಳುತ್ತದೆ.

ಮೊದಲು ಯಾವ ಪಿಂಚಣಿ ಅನ್ನೋದನ್ನು ನೋಡೋಣ. ನಿಮ್ಮ ಅತ್ತೆಯ ಮುಂದೆ ಮೂರು ದಾರಿಗಳಿವೆ. ನಿರ್ಗತಿಕ ವಿಧವಾ ವೇತನ ನಮ್ಮ ರಾಜ್ಯದಲ್ಲಿ 1984ರಿಂದ ಇದೆ. 18 ದಾಟಿದ ಯಾವ ವಿಧವೆಯೂ ಕೇಳಬಹುದು, ತಿಂಗಳಿಗೆ 800 ರೂಪಾಯಿ. ಎರಡನೆಯದು 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ. ಸಣ್ಣ ರೈತರು, ಕೂಲಿಯವರು, ನೇಕಾರರು, ಮೀನುಗಾರರು ಇಂಥವರಿಗೆ 65 ತುಂಬಿದ ಮೇಲೆ ಸಿಗುವಂಥದ್ದು, 1200 ರೂಪಾಯಿ. ನಿಮ್ಮ ಏಜೆಂಟ್ ಹೇಳುತ್ತಿರುವುದು ಇದನ್ನೇ. ಮೂರನೆಯದು ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ. ಬಡತನ ರೇಖೆಯ ಕೆಳಗಿರುವವರಿಗೆ 60 ತುಂಬಿದರೆ ಸಾಕು. 60ರಿಂದ 64ರವರೆಗೆ ಮೊತ್ತ ಕಡಿಮೆ, 65 ತುಂಬಿದ ಮೇಲೆ ಇಲ್ಲೂ 1200. ಒಬ್ಬರಿಗೆ ಒಂದೇ ಪಿಂಚಣಿ. ಎರಡಕ್ಕೆ ಹಾಕಿ ಯಾವುದಾದರೂ ಬರಲಿ ಅಂತ ಕೂತರೆ, ಆಧಾರ್ ಸಂಖ್ಯೆ ಒಂದೇ ಆದ್ದರಿಂದ ಕಂಪ್ಯೂಟರ್‌ನಲ್ಲೇ ಸಿಕ್ಕಿಬೀಳುತ್ತದೆ. ಗೃಹಲಕ್ಷ್ಮಿಯ 2000 ಬೇರೆ ಲೆಕ್ಕ, ಅದು ಪಿಂಚಣಿ ಅಲ್ಲ. ಪಿಂಚಣಿ ಬಂದರೆ ಅದು ನಿಲ್ಲುತ್ತದೆ ಅಂತ ಹೆದರಿ ಅರ್ಜಿ ಹಾಕದವರನ್ನು ನೋಡಿದ್ದೇನೆ, ಆ ಹೆದರಿಕೆ ಬೇಡ.

ಈಗ ನಿಮ್ಮ ಕೈಯಲ್ಲಿ ಇರುವ ಕಾಗದ ಏನು ಹೇಳುತ್ತದೆ ನೋಡಿ. ವಿಧವಾ ವೇತನಕ್ಕೆ ಗಂಡನ ಮರಣ ಪ್ರಮಾಣಪತ್ರ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ, ಅದು ನಿಮ್ಮ ಹತ್ತಿರ ಇಲ್ಲ. ಸಂಧ್ಯಾ ಸುರಕ್ಷಾಕ್ಕೆ 65 ಬೇಕು, ಆಧಾರ್‌ನಲ್ಲಿ 62. ವೃದ್ಧಾಪ್ಯ ವೇತನಕ್ಕೆ 60 ತುಂಬಿರಬೇಕು, ತುಂಬಿದೆ. ಗಂಡ ಇದ್ದಾರೋ ಇಲ್ಲವೋ ಅನ್ನುವ ದಾಖಲೆಯನ್ನು ಅದು ಕೇಳುವುದೇ ಇಲ್ಲ. ವಿಧವೆ ಅಂದ ಕೂಡಲೇ ವಿಧವಾ ವೇತನ ಅಂತ ಎಲ್ಲರೂ ಓಡುತ್ತಾರೆ. 40 ವರ್ಷದ ಹೆಣ್ಣುಮಗಳಿಗೆ ಬೇರೆ ದಾರಿ ಇಲ್ಲ, ಅವಳು ಓಡಲೇಬೇಕು. 60 ದಾಟಿದವರಿಗೆ ಆ ಕಷ್ಟ ಯಾಕೆ? ಇವತ್ತು ಮರಣಪತ್ರ ಕೈಯಲ್ಲಿದ್ದಿದ್ದರೆ 800ಕ್ಕೆ ಹಾಕಿ ಅಂತಲೇ ಹೇಳುತ್ತಿದ್ದೆ. ಇಲ್ಲದಿರುವಾಗ ಅದಕ್ಕಾಗಿ ತಿಂಗಳುಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ.

ವಯಸ್ಸು ತಿದ್ದಿಸುವ ಮಾತಿಗೆ ಬರೋಣ. 01-01 ಅನ್ನುವ ಹುಟ್ಟಿದ ದಿನ ಹಳ್ಳಿಯ ಎಷ್ಟೋ ಆಧಾರ್ ಕಾರ್ಡುಗಳಲ್ಲಿ ಕಾಣುತ್ತದೆ. ಆಧಾರ್ ಮಾಡಿಸುವಾಗ ದಾಖಲೆ ಇರಲಿಲ್ಲ, ಸುಮಾರು ವಯಸ್ಸು ಹೇಳಿದರು, ಕಂಪ್ಯೂಟರ್ ಜನವರಿ ಒಂದಕ್ಕೆ ಕೂರಿಸಿತು. ಆಧಾರ್ ವಯಸ್ಸಿಗೆ ಪುರಾವೆ ಅಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದು ಕಾನೂನಿನ ಮಾತಾಯಿತು. ನಾಡಕಚೇರಿಯ ಕಿಟಕಿಯಲ್ಲಿ ನಡೆಯುವುದು ಬೇರೆ. ಅಲ್ಲಿ ಆಧಾರ್ ಸಂಖ್ಯೆ ಹೊಡೆದರೆ ಹೆಸರು, ವಯಸ್ಸು ಅಲ್ಲಿಂದಲೇ ಬರುತ್ತದೆ. ನೀವು ಬೇರೆ ಕಾಗದದಲ್ಲಿ 67 ತೋರಿಸಿದರೆ ಎರಡಕ್ಕೂ ತಾಳೆಯಾಗದೆ ಅರ್ಜಿ ನಿಲ್ಲುತ್ತದೆ.

ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಒಂದೇ ಒಂದು ಸಲ ಬದಲಿಸಬಹುದು. ಅದಕ್ಕೆ ಜನನ ಪ್ರಮಾಣಪತ್ರವೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೋ ಅಂಥ ಗಟ್ಟಿ ದಾಖಲೆ ಬೇಕು. ಶಾಲೆ ಮೆಟ್ಟಿಲೇ ಹತ್ತದವರಿಗೆ ಅದೆಲ್ಲಿಂದ ಬರಬೇಕು? ಹಾಗಿದ್ದರೆ ಏಜೆಂಟ್ ಏನು ಮಾಡುತ್ತಾನೆ ಅಂತ ನೀವೇ ಊಹಿಸಿ. ಎಲ್ಲಿಂದಲೋ ಒಂದು ಜನನಪತ್ರ ಹುಟ್ಟಿಸುತ್ತಾನೆ. ಸಂಧ್ಯಾ ಸುರಕ್ಷಾದಲ್ಲಿ ಹೀಗೆ ವಯಸ್ಸು ಏರಿಸಿಕೊಂಡವರು ಇದ್ದಾರೆ ಅಂತಲೇ ಸರ್ಕಾರ ಈಗ ಫಲಾನುಭವಿಗಳ ಪಟ್ಟಿಯನ್ನು ಆಧಾರ್, ರೇಷನ್ ಕಾರ್ಡ್ ವಿವರಗಳ ಜೊತೆ ತಾಳೆ ನೋಡುತ್ತಿರುವುದು. ಸಿಕ್ಕಿಬಿದ್ದರೆ ಪಿಂಚಣಿ ನಿಲ್ಲುತ್ತದೆ, ತೆಗೆದುಕೊಂಡ ದುಡ್ಡು ವಾಪಸ್ ಕೇಳಬಹುದು. ಸುಳ್ಳು ದಾಖಲೆಯ ಹೊಣೆ ಬೀಳುವುದು ಹೆಬ್ಬೆಟ್ಟು ಒತ್ತಿದ ನಿಮ್ಮ ಅತ್ತೆಯ ಮೇಲೆ. ಏಜೆಂಟ್ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಆಧಾರ್ ಲೆಕ್ಕದಲ್ಲೇ 2029ರ ಜನವರಿ 1ಕ್ಕೆ ಅವರಿಗೆ 65 ತುಂಬುತ್ತದೆ. ಅಲ್ಲಿಯವರೆಗೆ ಕಡಿಮೆ ಮೊತ್ತ ಬರುತ್ತದೆ ಅನ್ನೋದು ನಿಜ, ಅನ್ಯಾಯವೂ ಹೌದು. ಆದರೆ ಈ ಅನ್ಯಾಯಕ್ಕೆ ಪ್ರಾಮಾಣಿಕ ಪರಿಹಾರ ನನಗೆ ಕಾಣುತ್ತಿಲ್ಲ. 2029ರ ಫೆಬ್ರವರಿಯಲ್ಲಿ ಒಂದು ಸಲ ಪಾಸ್‌ಬುಕ್ ನೋಡಿ. ಮೊತ್ತ ಏರಿಲ್ಲದಿದ್ದರೆ ಮಂಜೂರಾತಿ ಆದೇಶದ ಪ್ರತಿ ಹಿಡಿದು ನಾಡಕಚೇರಿಯಲ್ಲಿ ಕೇಳಿ.

ಇನ್ನು ನಾನು ಮೊದಲೇ ಹೇಳಿದ ರೇಷನ್ ಕಾರ್ಡ್. ಈ ಪಿಂಚಣಿಗಳಿಗೆ ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. ಹಿಂದೆ ಹಳ್ಳಿಗೆ 12,000, ಪಟ್ಟಣಕ್ಕೆ 17,000 ಅಂತ ಇತ್ತು, ಆಮೇಲೆ ಒಂದೇ ಮಾಡಿ ಏರಿಸಿದರು. ತಿಂಗಳಿಗೆ ಲೆಕ್ಕ ಹಾಕಿದರೆ 2,666 ರೂಪಾಯಿ. ನಿಮ್ಮ ಅತ್ತೆಯ ಕೂಲಿ ಏಳು ದಿನಕ್ಕೆ 2,100. ಹನ್ನೆರಡು ತಿಂಗಳೂ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಂಡರೂ 25,200. ಎಂಟು ದಿನ ಅಂದರೆ 28,800. ಎರಡೂ ಮಿತಿಯೊಳಗೇ ಇವೆ. ಆದರೆ ಕಾರ್ಡಿನಲ್ಲಿ ಮಗನ ಹೆಸರೂ ಇದೆಯಲ್ಲ, ಅವನ ಸಂಬಳ ವರ್ಷಕ್ಕೆ 1,68,000. ಎರಡೂ ಕೂಡಿದರೆ ಎರಡು ಲಕ್ಷದ ಹತ್ತಿರ ಹೋಗುತ್ತದೆ. ಪಿಂಚಣಿ ಮಾತಿರಲಿ, ಬಿಪಿಎಲ್ ಕಾರ್ಡಿನ 1.20 ಲಕ್ಷದ ಮಿತಿಯನ್ನೇ ಅದು ದಾಟಿತು.

ಇಲ್ಲಿ ಪ್ರಶ್ನೆ ಮಗ ಇದ್ದಾನಾ ಅನ್ನೋದಲ್ಲ. ಅವನ ದುಡಿಮೆ ಈ ಮನೆಗೆ ಸೇರುತ್ತದಾ ಅನ್ನೋದು. ಅವನು ನಿಜವಾಗಿಯೂ ಬೇರೆ ಸಂಸಾರ ಮಾಡಿಕೊಂಡಿದ್ದಾನೆ, ಆದರೆ ಕಾಗದ ಹಾಗೆ ಹೇಳುತ್ತಿಲ್ಲ. ಆದ್ದರಿಂದ ಮಗ, ಸೊಸೆ, ಮೊಮ್ಮಕ್ಕಳ ಹೆಸರನ್ನು ಈ ಕಾರ್ಡಿನಿಂದ ತೆಗೆಸಿ. ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಬಹುದು. ತಿದ್ದುಪಡಿಗೆ ಆಹಾರ ಇಲಾಖೆಯ ಪೋರ್ಟಲ್ ವರ್ಷವಿಡೀ ತೆರೆದಿರುವುದಿಲ್ಲ, ಬಿಟ್ಟುಬಿಟ್ಟು ತೆರೆಯುತ್ತಾರೆ, ಸರ್ವರ್ ಬೇರೆ ಕೈಕೊಡುತ್ತದೆ. ಕೇಂದ್ರದವರಿಗೆ ಮೊದಲೇ ಹೇಳಿಟ್ಟು, ತೆರೆದ ದಿನವೇ ಹೋಗಿ. ಮಗನಿಗೆ ಇದನ್ನು ಬಿಡಿಸಿ ಹೇಳಿ. ತಾಯಿಯ ಕಾರ್ಡಿನಿಂದ ಹೆಸರು ತೆಗೆಸೋದು ಅಂದರೆ ಎಷ್ಟೋ ಮನೆಗಳಲ್ಲಿ ಆಸ್ತಿ ಭಾಗದ ಮಾತು ಅಂತ ತಪ್ಪು ತಿಳಿದು ಜಗಳ ಆಗುತ್ತದೆ. ರೇಷನ್ ಕಾರ್ಡಿಗೂ ಜಮೀನಿನ ಹಕ್ಕಿಗೂ ಸಂಬಂಧವೇ ಇಲ್ಲ. ಹಾಗೇ ಆ ಕಾರ್ಡನ್ನು ಒಂದು ಸಲ ಸರಿಯಾಗಿ ಓದಿ. ತೀರಿಹೋದ ಮಾವನ ಹೆಸರು ಇನ್ನೂ ಅದರಲ್ಲೇ ಇದ್ದರೂ ಆಶ್ಚರ್ಯವಿಲ್ಲ!

ಕಾರ್ಡು ಸರಿಹೋದ ಮೇಲೆ ಆದಾಯ ಪ್ರಮಾಣಪತ್ರ. ಈ ಕ್ರಮ ತಪ್ಪಿಸಬೇಡಿ. ಕಾರ್ಡಿಗಿಂತ ಮೊದಲು ಇದಕ್ಕೆ ಹಾಕಿದರೆ ಮಗನ ಸಂಬಳವೂ ಸೇರಿದ ಮೊತ್ತ ಬರುತ್ತದೆ, ಮತ್ತೆ ಹೊಸದಾಗಿ ಮಾಡಿಸಬೇಕಾಗುತ್ತದೆ. ಇದನ್ನೂ ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಕೊಡುತ್ತೀರಿ. ಅಲ್ಲಿಂದ ಅದು ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಹೋಗುತ್ತದೆ. ಊರಲ್ಲಿ ಇನ್ನೂ ವಿಎ ಅಂತಲೋ ಶಾನುಭೋಗರು ಅಂತಲೋ ಕರೆಯುತ್ತಾರಲ್ಲ, ಅವರೇ. ಅವರು ವಿಚಾರಣೆ ಮಾಡಿ ವರದಿ ಬರೆಯುತ್ತಾರೆ, ಕಂದಾಯ ನಿರೀಕ್ಷಕರು ನೋಡುತ್ತಾರೆ, ಆಮೇಲೆ ಪ್ರಮಾಣಪತ್ರ ಬರುತ್ತದೆ. ಅದರ ಮೇಲೆ RD ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಪಿಂಚಣಿ ಅರ್ಜಿಯಲ್ಲಿ ಅದೇ ಸಂಖ್ಯೆ ಕೇಳುತ್ತಾರೆ.

ಶಾನುಭೋಗರು ವಿಚಾರಣೆಗೆ ಬಂದಾಗ ಅತ್ತೆ ಏನು ಹೇಳುತ್ತಾರೆ ಅನ್ನೋದು ಮುಖ್ಯ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅರ್ಜಿ ಹಾಳಾಗುವುದು ಇಲ್ಲೇ. ಹಿರಿಯರಿಗೆ ಮನೆ ಮರ್ಯಾದೆಯ ಚಿಂತೆ. "ಹೇಗಿದ್ದೀರಮ್ಮ, ಮಗ ನೋಡ್ಕೊಳ್ತಾನಾ?" ಅಂದರೆ, "ಅಯ್ಯೋ, ನನ್ ಮಗ ಬಂಗಾರದಂಥೋನು, ತಿಂಗಳು ತಿಂಗಳು ದುಡ್ಡು ಕಳಿಸ್ತಾನೆ" ಅಂದುಬಿಡುತ್ತಾರೆ. ಹಬ್ಬಕ್ಕೆ ಬಂದಾಗ 500 ಕೊಟ್ಟಿದ್ದು ಅಷ್ಟೇ ಇರುತ್ತದೆ. ವರದಿಯಲ್ಲಿ ಮಾತ್ರ ಮಗನಿಂದ ಮಾಸಿಕ ನೆರವು ಇದೆ ಅಂತ ಬರುತ್ತದೆ. ಸುಳ್ಳು ಹೇಳಿಸಿ ಅಂತ ನಾನು ಹೇಳುತ್ತಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಲಿ: ಎಷ್ಟು ದಿನ ಕೂಲಿ, ಎಷ್ಟು ದುಡ್ಡು, ಮಗ ಎಲ್ಲಿದ್ದಾನೆ, ಏನು ಕಳಿಸುತ್ತಾನೆ. ಮಗ ನಿಜವಾಗಿಯೂ ತಿಂಗಳು ತಿಂಗಳು ಕಳಿಸುತ್ತಿದ್ದರೆ ಅದನ್ನೂ ಹೇಳಬೇಕು, ಲೆಕ್ಕಕ್ಕೂ ಸೇರಿಸಬೇಕು. ನೀವು ಆ ದಿನ ಪಕ್ಕದಲ್ಲಿದ್ದರೆ ಒಳ್ಳೆಯದು.

ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಮೊತ್ತ ಓದಿ. 32,000ಕ್ಕಿಂತ ಜಾಸ್ತಿ ಇದ್ದರೆ ಅದನ್ನಿಟ್ಟುಕೊಂಡು ಪಿಂಚಣಿಗೆ ಹಾಕಬೇಡಿ, ಬೀಳುವುದು ಖಚಿತ. ವಿದ್ಯಾರ್ಥಿವೇತನಕ್ಕೋ ಸಾಲಕ್ಕೋ ಮಾಡಿಸಿದ 40,000ದ ಹಳೆಯ ಪ್ರಮಾಣಪತ್ರ ಮನೆಯಲ್ಲಿದೆ, ಐದು ವರ್ಷ ನಡೆಯುತ್ತದಲ್ಲ ಅಂತ ಅದನ್ನೇ ಕೊಟ್ಟು ತಿರಸ್ಕೃತರಾದವರು ತುಂಬಾ ಜನ. ಬೇರೆ ಕೆಲಸಕ್ಕೆ ಆ ಮಿತಿ ಸರಿ ಇತ್ತು, ಇಲ್ಲಿಗೆ ಆಗುವುದಿಲ್ಲ.

ಈಗ ಪಿಂಚಣಿ ಅರ್ಜಿ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಫೋಟೊ ತೆಗೆದುಕೊಂಡು ನಾಡಕಚೇರಿಗೆ ಹೋಗಿ. ನಾಡಕಚೇರಿ ಇರುವುದು ಹೋಬಳಿ ಕೇಂದ್ರದಲ್ಲಿ, ತಾಲ್ಲೂಕು ಕಚೇರಿಯವರೆಗೆ ಅಲೆಯುವ ಅಗತ್ಯವಿಲ್ಲ. ಅತ್ತೆಯನ್ನೂ ಕರೆದುಕೊಂಡು ಹೋಗಿ. ಎಲ್ಲಾ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್‌ನಲ್ಲಿ ಲಕ್ಷ್ಮೀದೇವಮ್ಮ ಅಂತಿದ್ದರೆ ಬ್ಯಾಂಕಿನದನ್ನು ಮೊದಲು ಸರಿಪಡಿಸಿ.

ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಕೇಳಿ ಪಡೆಯಿರಿ. ಅದರಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆಯೂ, ಯಾವ ದಿನದೊಳಗೆ ತೀರ್ಮಾನ ಆಗಬೇಕು ಅನ್ನುವ ಗಡುವೂ ಇರುತ್ತದೆ. "ಆಮೇಲೆ ಕೊಡ್ತೀವಿ" ಅಂದರೆ ಅರ್ಜಿ ಇನ್ನೂ ಕಂಪ್ಯೂಟರ್‌ಗೆ ಹೋಗಿಲ್ಲ ಅಂತಲೇ ತಿಳಿಯಿರಿ. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಸಕಾಲ ಕಾಯ್ದೆಯಲ್ಲಿದೆ. ದುಡ್ಡು ದೊಡ್ಡದಲ್ಲ, ಆದರೆ ಆ ಸಂಖ್ಯೆ ಹಿಡಿದು ವಿಚಾರಿಸುವವರ ಕಡತ ಮೇಜಿನ ಮೇಲೆ ಜಾಸ್ತಿ ದಿನ ಮಲಗುವುದಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. "ಆಗಲ್ಲ ಹೋಗಿ" ಅನ್ನುವ ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ. ಬರೆದುಕೊಟ್ಟ ಕಾರಣದ ಮೇಲೆ ಹಾಕಬಹುದು.

ಮಂಜೂರಾದ ಮೇಲೂ ದುಡ್ಡು ಬರಲಿಲ್ಲ ಅನ್ನುವ ದೂರು ಬಹಳ. ಎಷ್ಟೋ ಸಲ ದುಡ್ಡು ಬಂದಿರುತ್ತದೆ, ಬೇರೆ ಖಾತೆಗೆ! ಪಿಂಚಣಿ ಹೋಗುವುದು ಪಾಸ್‌ಬುಕ್‌ನಲ್ಲಿರುವ ನಂಬರ್ ನೋಡಿ ಅಲ್ಲ, ಆಧಾರ್ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆ ಆಗಿದೆಯೋ ಅಲ್ಲಿಗೆ. ಅತ್ತೆ ಎಂದೋ ಸ್ವಸಹಾಯ ಸಂಘದ ಸಾಲಕ್ಕೆ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಕೊಟ್ಟಿದ್ದರೆ, ದುಡ್ಡು ಅಲ್ಲಿ ಬಿದ್ದಿರಬಹುದು. ಗೃಹಲಕ್ಷ್ಮಿ ಬರುತ್ತಿದ್ದರೆ ಅದು ಯಾವ ಖಾತೆಗೆ ಬರುತ್ತಿದೆ ಅಂತ ನೋಡಿ, ಪಿಂಚಣಿಯೂ ಅಲ್ಲಿಗೇ ಹೋಗುತ್ತದೆ. ಅದು ಬರುತ್ತಿಲ್ಲ ಅಂದರೆ myAadhaar ತಾಣದಲ್ಲಿ Bank Seeding Status ಅನ್ನುವಲ್ಲಿ ನೋಡಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಬ್ಯಾಂಕ್ ದೂರ ಇದ್ದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಬಹುದು, ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ದುಡ್ಡು ಕೊಡುತ್ತಾರೆ. ಕಳೆ ಕಿತ್ತು ಸವೆದ ಬೆರಳು ಯಂತ್ರಕ್ಕೆ ಸಿಗದೇ ಹೋಗುವುದುಂಟು. ಹಾಗಾದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ.

ಕೊನೆಗೆ ಮಾವನ ಮರಣಪತ್ರ. ಈ ಪಿಂಚಣಿಗೆ ಬೇಡ ಅಂದೆ, ಆದರೂ ಬಿಡಬೇಡಿ. ರೇಷನ್ ಕಾರ್ಡಿನಿಂದ ಅವರ ಹೆಸರು ತೆಗೆಸಲೂ ಬೇಕು, ಅವರ ಹೆಸರಿನಲ್ಲಿ ಜಮೀನಿದ್ದರೆ ಪೌತಿ ಖಾತೆಗೂ ಬೇಕು. ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು ಅಂದಿರಲ್ಲ, ಅದು ನಿಮಗೆ ಅನುಕೂಲ. ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ ಆಗುತ್ತದೆ, ಸ್ವಂತ ಊರಿನಲ್ಲಲ್ಲ. ಆಸ್ಪತ್ರೆಯಲ್ಲಾದ ಸಾವನ್ನು ತಿಳಿಸುವುದು ಆಸ್ಪತ್ರೆಯದ್ದೇ ಜವಾಬ್ದಾರಿ. ಆದ್ದರಿಂದ ನೋಂದಣಿ ಆಗಿರುವ ಸಂಭವ ಜಾಸ್ತಿ, ನೀವು ಪ್ರತಿ ತೆಗೆದುಕೊಂಡಿಲ್ಲ ಅಷ್ಟೇ. ನಿಮ್ಮ ಪಂಚಾಯಿತಿಯಲ್ಲಿ ಹುಡುಕಿಸಿ ಸಿಗಲಿಲ್ಲ ಅಂತ ಬೇಜಾರಾಗುವ ಮೊದಲು, ತೀರಿಕೊಂಡ ವರ್ಷ, ತಿಂಗಳು ಹಿಡಿದು ಆ ಆಸ್ಪತ್ರೆಯ ಜನನ ಮರಣ ವಿಭಾಗದಲ್ಲಿ ಕೇಳಿ. ಅಲ್ಲಿಲ್ಲದಿದ್ದರೆ ಆ ಪಟ್ಟಣದ ನಗರಸಭೆಯಲ್ಲಿ ಕೇಳಿ. ಡಿಸ್ಚಾರ್ಜ್ ಚೀಟಿಯೋ ಶವ ಕೊಟ್ಟಾಗಿನ ಕಾಗದವೋ ಮನೆಯ ಟ್ರಂಕಿನಲ್ಲಿ ಇದ್ದರೆ ಹುಡುಕಲು ಸುಲಭ.

ಎಲ್ಲೂ ನೋಂದಣಿ ಆಗಿಲ್ಲ ಅಂತಾದರೆ ದಾಖಲೆ ಲಭ್ಯವಿಲ್ಲ ಅನ್ನುವ ಪತ್ರವನ್ನು ಅವರಿಂದಲೇ ಪಡೆಯಿರಿ. ಒಂದು ವರ್ಷ ದಾಟಿದ ಸಾವಿನ ನೋಂದಣಿಗೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು, ವಕೀಲರ ಖರ್ಚೂ ಸೇರುತ್ತಿತ್ತು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮಟ್ಟಕ್ಕೆ ಬಂದಿದೆ. ಲಭ್ಯವಿಲ್ಲದ ಪತ್ರ, ಅಫಿಡವಿಟ್, ಅಂತ್ಯಕ್ರಿಯೆ ನೋಡಿದ ಊರಿನ ಇಬ್ಬರ ಹೇಳಿಕೆ ಇಟ್ಟುಕೊಂಡು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ. ಪ್ರಮಾಣಪತ್ರ ಸಿಕ್ಕಾಗ ಒಂದಲ್ಲ, ಮೂರು ನಾಲ್ಕು ಪ್ರತಿ ತೆಗೆದುಕೊಳ್ಳಿ. ಪೌತಿ ಖಾತೆಗೆ ಒಂದು ಕೊಟ್ಟರೆ ಅದು ಅಲ್ಲೇ ಉಳಿದುಬಿಡುತ್ತದೆ.